ಬಂದ್ ಬಿದ್ದ ಉಳಿತಾಯ ಖಾತೆ: ಹಳೆಯ ಎಸ್‌ಬಿಎಚ್, ಗ್ರಾಮೀಣ ಬ್ಯಾಂಕ್ ಪಾಸ್‌ಬುಕ್ ಇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಕಡೆಯ ಬಹಳಷ್ಟು ಮನೆಗಳ ಟ್ರಂಕಿನಲ್ಲಿ ಈಗ ಇಲ್ಲದ ಬ್ಯಾಂಕಿನ ಪಾಸ್‌ಬುಕ್ ಒಂದಾದರೂ ಇರುತ್ತದೆ. ಸ್ಕಾಲರ್‌ಶಿಪ್‌ಗೋ ಉದ್ಯೋಗ ಖಾತ್ರಿ ಕೂಲಿಗೋ ತೆಗೆಸಿದ್ದು, ಆಮೇಲೆ ಹೈದರಾಬಾದ್, ಪುಣೆ, ಬೆಂಗಳೂರು ಎಂದು ದುಡಿಯಲು ಹೋದವರು ಮರೆತುಬಿಟ್ಟದ್ದು. ಅಂಥ ಖಾತೆಗೆ ಏನಾಗಿದೆ, ಅದನ್ನು ಮತ್ತೆ ಚಾಲೂ ಮಾಡಿಸುವುದು ಹೇಗೆ ಎಂಬುದನ್ನೇ ಇಲ್ಲಿ ಮುಖ್ಯವಾಗಿ ಹೇಳಿದೆ.

"ಖಾತೆ ಬಂದ್ ಬಿದ್ದದ" ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಖಾತೆ ಮುಚ್ಚಿಹೋಗಿದೆ ಎಂದು ಅರ್ಥವೇ?

ಅಲ್ಲ. ಆ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ, ಆದ್ದರಿಂದ ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಮೊದಲನೆಯದು ನಿಷ್ಕ್ರಿಯ ಖಾತೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಖಾತೆದಾರರ ಕಡೆಯಿಂದ ಯಾವ ವ್ಯವಹಾರವೂ ನಡೆಯದ ಖಾತೆ ಇದು. ಡಾರ್ಮಂಟ್ ಎಂದರೂ ಇನಾಪರೇಟಿವ್ ಎಂದರೂ ಇದೇ. ಎರಡನೆಯದು ಕೆವೈಸಿ ಬಾಕಿ ಇರುವುದರಿಂದ ತಡೆಹಿಡಿದ ಖಾತೆ. ಇದರಲ್ಲಿ ನೀವು ಹೋದ ತಿಂಗಳಷ್ಟೇ ರೊಕ್ಕ ತೆಗೆದಿರಬಹುದು, ಆದರೂ ಕಾಗದ ಹಳತಾಗಿದೆ ಎಂದು ತಡೆ ಬಿದ್ದಿರುತ್ತದೆ. ಮೂರನೆಯದು ಪೊಲೀಸ್, ನ್ಯಾಯಾಲಯ ಅಥವಾ ತೆರಿಗೆ ಇಲಾಖೆಯ ಆದೇಶದಿಂದ ತಡೆದದ್ದು. ಇದನ್ನು ಶಾಖೆಯವರು ತಾವಾಗಿ ತೆಗೆಯಲು ಬರುವುದಿಲ್ಲ.

ಮೊದಲ ಎರಡಕ್ಕೂ ಹೊಸ ಕೆವೈಸಿಯೇ ಔಷಧ. ಹಲವು ವರ್ಷ ಬಿಟ್ಟ ಖಾತೆಯಲ್ಲಿ ಎರಡೂ ಸಾಮಾನ್ಯವಾಗಿ ಜೊತೆಗೇ ಇರುತ್ತವೆ. ಕೆಲವು ಬ್ಯಾಂಕುಗಳು ಒಂದು ವರ್ಷ ತುಂಬುತ್ತಲೇ 'ಇನ್‌ಆಕ್ಟಿವ್' ಎಂದು ಗುರುತು ಹಾಕುವುದುಂಟು. ಅದು ಆ ಬ್ಯಾಂಕಿನ ಒಳಗಿನ ಗುರುತು. ರಿಸರ್ವ್ ಬ್ಯಾಂಕಿನ ಲೆಕ್ಕ ಎರಡು ವರ್ಷದ್ದು.

ಎರಡು ವರ್ಷ ಯಾವ ದಿನದಿಂದ ಎಣಿಸಬೇಕು? ಬಡ್ಡಿ ಪ್ರತಿ ಸಲ ಬೀಳುತ್ತಲೇ ಇದೆಯಲ್ಲ?

ಖಾತೆದಾರರು ತಾವಾಗಿ ಮಾಡಿದ, ಅಥವಾ ಅವರ ಸೂಚನೆಯಂತೆ ನಡೆದ ಕೊನೆಯ ವ್ಯವಹಾರದ ದಿನದಿಂದ. ಬ್ಯಾಂಕ್ ಹಾಕುವ ಉಳಿತಾಯ ಬಡ್ಡಿ, ಕಡಿಯುವ ಎಸ್‌ಎಂಎಸ್ ಶುಲ್ಕ, ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ಯಾವುದೂ ಲೆಕ್ಕಕ್ಕಿಲ್ಲ. ಪಾಸ್‌ಬುಕ್ಕಿನಲ್ಲಿ ಕಳೆದ ಏಳು ವರ್ಷದ ಸಾಲುಗಳು ತುಂಬಿದ್ದರೂ ಅವೆಲ್ಲ ಬಡ್ಡಿ ಮತ್ತು ಶುಲ್ಕವೇ ಆಗಿದ್ದರೆ ಖಾತೆ ನಿಷ್ಕ್ರಿಯವೇ.

2024ರ ಜನವರಿ 1ರಂದು ಹೊರಡಿಸಿ ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ತಂದ ಸೂಚನೆಯಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಬಿಡಿಸಿ ಹೇಳಿದೆ. ರೊಕ್ಕ ಹಾಕುವುದು, ತೆಗೆಯುವುದು, ಯುಪಿಐ ಪಾವತಿ, ಚೆಕ್ಕು ಇವು ಹೇಗೂ ಲೆಕ್ಕಕ್ಕೆ ಬರುತ್ತವೆ. ಇವಲ್ಲದೆ ಮೊಬೈಲ್ ಬ್ಯಾಂಕಿಂಗ್‌ಗೆ ಲಾಗಿನ್ ಆಗುವುದು, ಎಟಿಎಂನಲ್ಲಿ ಪಿನ್ ಒತ್ತಿ ಬ್ಯಾಲೆನ್ಸ್ ನೋಡುವುದು, ಚೆಕ್‌ಬುಕ್ ಕೇಳುವುದು, ಕೆವೈಸಿ ನವೀಕರಿಸುವುದು ಕೂಡ ಖಾತೆದಾರರ ವ್ಯವಹಾರವೇ. ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು ಬರುವುದು ಮಾತ್ರ ಆ ಲೆಕ್ಕಕ್ಕಿಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. "ವರ್ಷಾ ವರ್ಷಾ ಎಂಟ್ರಿ ಹಾಕಿಸ್ತೀನ್ರಿ, ಆದ್ರೂ ಬಂದ್ ಆಗ್ಯಾದ" ಎನ್ನುವವರ ಕಥೆ ಇದೇ.

ನೀವು ಬ್ಯಾಂಕಿಗೆ ಮೊದಲೇ ಬರೆದುಕೊಟ್ಟ ನಿರಂತರ ಸೂಚನೆಯಂತೆ ನಡೆಯುವ ಕಡಿತವನ್ನೂ ನಿಮ್ಮ ವ್ಯವಹಾರವೆಂದೇ ಎಣಿಸಬೇಕು. ಪ್ರತಿ ತಿಂಗಳು ಆರ್‌ಡಿಗೆ ಹೋಗುವ ಕಂತು ಅಂಥದ್ದು.

ಇನ್ನೊಂದು ಮಾತು: ಗಣನೆ ಖಾತೆಯದ್ದು, ಮನುಷ್ಯರದ್ದಲ್ಲ. ಒಂದೇ ಶಾಖೆಯಲ್ಲಿ ನಿಮಗೆ ಎರಡು ಖಾತೆಗಳಿದ್ದು ಒಂದನ್ನು ದಿನಾ ಬಳಸುತ್ತಿದ್ದರೂ ಇನ್ನೊಂದು ನಿಷ್ಕ್ರಿಯವಾಗಬಹುದು.

ಪಾಸ್‌ಬುಕ್ಕಿನ ಮೇಲೆ ಇರುವ ಬ್ಯಾಂಕೇ ಈಗ ಇಲ್ಲ. ಎಲ್ಲಿಗೆ ಹೋಗಬೇಕು?

ಈ ಭಾಗದಲ್ಲಿ ಹೆಚ್ಚು ಸಿಗುವುದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಪಾಸ್‌ಬುಕ್. ಅದು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು, ಹಾಗಾಗಿ ಎಸ್‌ಬಿಐಗೆ ಹೋಗಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಿಂದ ಕೆನರಾ ಬ್ಯಾಂಕ್. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಮತ್ತು ಆಂಧ್ರ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿತು.

ಗ್ರಾಮೀಣ ಬ್ಯಾಂಕಿನ ದಾರಿ ಸ್ವಲ್ಪ ಉದ್ದ. ಗುಲಬರ್ಗಾದಲ್ಲಿ ಮುಖ್ಯ ಕಚೇರಿ ಇದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಆಯಿತು. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕೂ ಕೂಡಿಕೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂದಾಯಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಇದರಲ್ಲಿ ಕೂಡಿತು. ಮುಖ್ಯ ಕಚೇರಿ ಈಗ ಬಳ್ಳಾರಿಯಲ್ಲಿದೆ. ನಿಮ್ಮ ಪಾಸ್‌ಬುಕ್ಕಿನಲ್ಲಿ ಈ ಹೆಸರುಗಳಲ್ಲಿ ಯಾವುದಿದ್ದರೂ ಹೋಗಬೇಕಾದದ್ದು ಕರ್ನಾಟಕ ಗ್ರಾಮೀಣ ಬ್ಯಾಂಕಿಗೇ.

ವಿಲೀನದಿಂದ ನಿಮ್ಮ ರೊಕ್ಕ ಎಲ್ಲಿಗೂ ಹೋಗಿಲ್ಲ, ಹೊಸ ಬ್ಯಾಂಕ್ ಅದಕ್ಕೆ ಜವಾಬ್ದಾರಿ. ಆದರೆ ಐಎಫ್‌ಎಸ್‌ಸಿ ಬದಲಾಗಿದೆ: SBHY ಎಂದು ಶುರುವಾಗುತ್ತಿದ್ದ ಸಂಕೇತ ಈಗ SBIN, SYNB ಎಂದಿದ್ದದ್ದು CNRB. ಒಂದೇ ಊರಿನಲ್ಲಿದ್ದ ಎರಡು ಶಾಖೆಗಳನ್ನು ಒಂದು ಮಾಡಿದ್ದರೆ ನಿಮ್ಮ ಶಾಖೆಯ ಹೆಸರೂ ಬೇರೆಯಾಗಿರಬಹುದು. ಪಾಸ್‌ಬುಕ್ಕಿನಲ್ಲಿ ನಾಲ್ಕೈದು ಅಂಕಿಗಳ, ಕೈಯಲ್ಲಿ ಬರೆದ ಲೆಡ್ಜರ್ ಸಂಖ್ಯೆ ಮಾತ್ರ ಇದ್ದರೆ ಅದು ಕೋರ್ ಬ್ಯಾಂಕಿಂಗ್‌ಗಿಂತ ಹಿಂದಿನದು. ಅಂಥ ಸಂಖ್ಯೆಯನ್ನು ಬೇರೆ ಊರಿನ ಕೌಂಟರಿನಲ್ಲಿ ಹುಡುಕುವುದು ಕಷ್ಟ. ಮೂಲ ಶಾಖೆಗೇ ಹೋಗಿ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಹುಟ್ಟಿದ ದಿನಾಂಕ ಕೊಟ್ಟು ಹುಡುಕಿಸಿ.

ಮೂಲ ಶಾಖೆಗೇ ಬರಬೇಕೆ? ದುಡಿಮೆ ಬಿಟ್ಟು ಪುಣೆಯಿಂದ ಊರಿಗೆ ಬರಲು ಆಗುವುದಿಲ್ಲ.

ಬರಬೇಕಿಲ್ಲ. ನಿಷ್ಕ್ರಿಯ ಖಾತೆ ಚಾಲೂ ಮಾಡಲು ಬೇಕಾದ ಕೆವೈಸಿಯನ್ನು ಅದೇ ಬ್ಯಾಂಕಿನ ಯಾವುದೇ ಶಾಖೆ ಸ್ವೀಕರಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. "ನಿಮ್ಮ ಶಾಖೆಗೇ ಹೋಗ್ರಿ" ಎಂದು ವಾಪಸ್ ಕಳಿಸಿದರೆ 2024ರ ಸೂಚನೆಯನ್ನು ನೆನಪಿಸಿ, ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದಾದರೆ ಅದನ್ನೇ ಬರೆದುಕೊಡಲು ಕೇಳಿ. ಹೀಗೆ ಕೇಳಿದ ಮೇಲೆ ಹೆಚ್ಚಿನ ಕಡೆ ಅರ್ಜಿ ತೆಗೆದುಕೊಳ್ಳುತ್ತಾರೆ.

ವಿಡಿಯೊ ಕೆವೈಸಿ ಸೌಲಭ್ಯ ಇರುವ ಬ್ಯಾಂಕಾದರೆ ಅದರಲ್ಲೂ ಆಗುತ್ತದೆ, ಆದರೆ ಫೋನ್ ಸಂಖ್ಯೆಯೇ ಬದಲಾಗಿರುವವರಿಗೆ ಅದು ಅರ್ಧದಲ್ಲಿ ನಿಲ್ಲುವ ಸಂಭವ ಹೆಚ್ಚು. 2025ರ ಜೂನ್‌ನ ತಿದ್ದುಪಡಿಯ ನಂತರ ಹಳ್ಳಿಯ ಬ್ಯಾಂಕ್ ಮಿತ್ರರ ಮೂಲಕವೂ ಕೆವೈಸಿ ಮಾಡಿಸಿ ಚಾಲೂ ಮಾಡಲು ಬ್ಯಾಂಕುಗಳಿಗೆ ಅವಕಾಶವಿದೆ. ನಿಮ್ಮ ಹಳ್ಳಿಯ ಬ್ಯಾಂಕ್ ಮಿತ್ರರಿಗೆ ಆ ಅಧಿಕಾರ ಕೊಟ್ಟಿದ್ದಾರೆಯೇ ಎಂದು ಶಾಖೆಯಲ್ಲಿ ಕೇಳಿಕೊಳ್ಳಿ. ಆಳಂದ, ಔರಾದ, ಸುರಪುರ ಕಡೆಯ ದೂರದ ಹಳ್ಳಿಗಳಲ್ಲಿ ವಯಸ್ಸಾದವರಿಗೆ ಇದರಿಂದ ಒಂದು ದಿನದ ಓಡಾಟ ಉಳಿಯುತ್ತದೆ.

ಏನೇನು ತೆಗೆದುಕೊಂಡು ಹೋಗಬೇಕು? ಕೌಂಟರಿನಲ್ಲಿ ಏನು ಮಾಡಬೇಕು?

ಆಧಾರ್ ಮತ್ತು ಪ್ಯಾನ್‌ನ ಮೂಲ ಕಾರ್ಡು, ತಲಾ ಎರಡು ಜೆರಾಕ್ಸ್, ಇತ್ತೀಚಿನ ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ, ಹಳೆಯ ಪಾಸ್‌ಬುಕ್ ಮತ್ತು ಈಗ ಬಳಸುತ್ತಿರುವ ಮೊಬೈಲ್ ನಿಮ್ಮ ಕೈಯಲ್ಲಿರಲಿ. ಪ್ಯಾನ್ ಇಲ್ಲದವರು ಜನ ಫಾರ್ಮ್ 60 ಎಂದು ಕರೆಯುವ ಘೋಷಣೆಯನ್ನು ಅಲ್ಲೇ ತುಂಬಿಕೊಡಬೇಕಾಗುತ್ತದೆ. ಆಧಾರ್‌ಗೆ ಮೊಬೈಲ್ ಜೋಡಣೆ ಇಲ್ಲದಿದ್ದರೂ ಚಿಂತೆಯಿಲ್ಲ, ಶಾಖೆಯಲ್ಲಿ ಹೆಬ್ಬೆಟ್ಟಿನ ಗುರುತಿನಿಂದಲೂ ಆಧಾರ್ ದೃಢೀಕರಣ ಮಾಡಲು ಬರುತ್ತದೆ.

ಕೌಂಟರಿನಲ್ಲಿ ಕೊಡಬೇಕಾದದ್ದು ಮುಖ್ಯವಾಗಿ ಎರಡು ಕಾಗದ. ಒಂದು, ನಿಷ್ಕ್ರಿಯ ಖಾತೆಯನ್ನು ಸಕ್ರಿಯ ಮಾಡುವಂತೆ ಕೋರುವ ಅರ್ಜಿ. ಇನ್ನೊಂದು, ಕೆವೈಸಿ ನವೀಕರಣದ ಫಾರ್ಮ್. ಮೊಬೈಲ್ ಸಂಖ್ಯೆ ಬದಲಿಸುವ ಕಾಲಂ ಕೆವೈಸಿ ಫಾರ್ಮಿನಲ್ಲೇ ಇದ್ದರೆ ಸರಿ, ಇಲ್ಲದಿದ್ದರೆ ಅದಕ್ಕೊಂದು ಬೇರೆ ಫಾರ್ಮ್ ಕೇಳಿ. ಇದನ್ನು ಮರೆಯಬಾರದು. ರೀಚಾರ್ಜ್ ನಿಲ್ಲಿಸಿದ ಹಳೆಯ ಸಂಖ್ಯೆಯನ್ನು ಫೋನ್ ಕಂಪನಿ ಬೇರೆಯವರಿಗೆ ಕೊಟ್ಟಿರುತ್ತದೆ. ಸಂಖ್ಯೆ ಬದಲಿಸದೆ ಖಾತೆ ಚಾಲೂ ಆದರೆ ನಿಮ್ಮ ಓಟಿಪಿ ಆ ಅಪರಿಚಿತರ ಫೋನಿಗೆ ಹೋಗುತ್ತದೆ.

ಅರ್ಜಿಯಲ್ಲಿ ಇಷ್ಟು ದಿನ ಯಾಕೆ ಬಳಸಲಿಲ್ಲ ಎಂದು ಕೇಳುವ ಸಾಲು ಇದ್ದರೆ ನಿಜವನ್ನೇ ಒಂದು ಸಾಲಿನಲ್ಲಿ ಬರೆಯಿರಿ: "ಕೆಲಸಕ್ಕಾಗಿ ಬೇರೆ ರಾಜ್ಯದಲ್ಲಿದ್ದೆ" ಎಂದರೆ ಸಾಕು. ನಾಮಿನಿ ಹೆಸರು ಹಾಕಿಸಿರದಿದ್ದರೆ ಅದೇ ದಿನ ಆ ಫಾರ್ಮನ್ನೂ ತುಂಬಿಬಿಡಿ. ಕೊನೆಗೆ, ಎಲ್ಲ ಕಾಗದ ಕೊಟ್ಟ ಮೇಲೆ ದಿನಾಂಕ ಮತ್ತು ಸೀಲು ಇರುವ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ. ಪೂರ್ಣ ಅರ್ಜಿ ತಲುಪಿದ ಮೂರು ಕೆಲಸದ ದಿನಗಳೊಳಗೆ ಖಾತೆ ಸಕ್ರಿಯವಾಗಬೇಕು ಎಂಬ ನಿಯಮವಿದೆ. ಸ್ವೀಕೃತಿ ಇಲ್ಲದಿದ್ದರೆ ಆ ಮೂರು ದಿನ ಯಾವಾಗ ಶುರುವಾಯಿತು ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಇದಕ್ಕೆ ದಂಡ ಅಥವಾ ಶುಲ್ಕ ಎಷ್ಟು?

ಸಕ್ರಿಯಗೊಳಿಸಲು ಶುಲ್ಕವಿಲ್ಲ. ನಿಷ್ಕ್ರಿಯವಾಗಿದ್ದ ಕಾಲಕ್ಕೆ ಕನಿಷ್ಠ ಬ್ಯಾಲೆನ್ಸ್ ಇರಲಿಲ್ಲ ಎಂದು ದಂಡ ಹಾಕುವಂತೆಯೂ ಇಲ್ಲ. ಹೊಸ ಎಟಿಎಂ ಕಾರ್ಡಿಗೆ ಶುಲ್ಕ ಇರಬಹುದು, ಅದು ಬೇರೆ ಲೆಕ್ಕ. "ಮೊದಲು ₹500 ಹಾಕ್ರಿ, ತಾನೇ ಚಾಲೂ ಆಗ್ತದ" ಎಂಬುದನ್ನು ನಂಬಿ ಯಂತ್ರದಲ್ಲಿ ರೊಕ್ಕ ಹಾಕಬೇಡಿ. ಕೆವೈಸಿ ಆಗದೆ ಖಾತೆ ತೆರೆಯುವುದಿಲ್ಲ, ಹಾಕಿದ ₹500 ಕೂಡ ಹಳೆಯ ರೊಕ್ಕದ ಜೊತೆ ಸಿಕ್ಕಿಕೊಳ್ಳುತ್ತದೆ.

ನೆನಪಿರುವುದಕ್ಕಿಂತ ಬ್ಯಾಲೆನ್ಸ್ ಕಡಿಮೆ ಇದೆ. ಯಾರಾದರೂ ತೆಗೆದಿದ್ದಾರೆಯೇ?

ಊಹೆ ಮಾಡುವ ಬದಲು ಕೊನೆಯ ವ್ಯವಹಾರದಿಂದ ಇವತ್ತಿನವರೆಗಿನ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಹೆಚ್ಚಿನ ವೇಳೆ ಕಾಣುವುದು ಕಾರ್ಡಿನ ವಾರ್ಷಿಕ ಶುಲ್ಕ ಮತ್ತು ಎಸ್‌ಎಂಎಸ್ ಶುಲ್ಕ. ಎಸ್‌ಬಿಎಚ್‌ನಿಂದ ಎಸ್‌ಬಿಐಗೆ ಬಂದ ಖಾತೆಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ. ಎಸ್‌ಬಿಐ 2017ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ಸಾಮಾನ್ಯ ಉಳಿತಾಯ ಖಾತೆಗಳಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೆ ದಂಡ ಕಡಿಯುತ್ತಿತ್ತು. ನಿಮ್ಮ ಖಾತೆ ಆ ಅವಧಿಯಲ್ಲಿ ಇನ್ನೂ ನಿಷ್ಕ್ರಿಯ ಆಗಿರದಿದ್ದರೆ ಆ ಕಡಿತ ನಿಯಮದ ಪ್ರಕಾರವೇ ಇರಬಹುದು. ನಿಷ್ಕ್ರಿಯವಾದ ದಿನಾಂಕದ ನಂತರವೂ ಅಂಥ ದಂಡ ಕಡಿದಿದ್ದರೆ ವಾಪಸ್ ಕೇಳುವ ಹಕ್ಕು ನಿಮಗಿದೆ. ಜನಧನ ಮತ್ತು ಮೂಲಭೂತ ಉಳಿತಾಯ ಖಾತೆಗಳಿಗೆ ಕನಿಷ್ಠ ಬ್ಯಾಲೆನ್ಸಿನ ಷರತ್ತೇ ಇಲ್ಲ.

ಸ್ಟೇಟ್‌ಮೆಂಟಿನಲ್ಲಿ ಎಟಿಎಂ ಅಥವಾ ಆಧಾರ್ ಹೆಬ್ಬೆಟ್ಟಿನಿಂದ ರೊಕ್ಕ ತೆಗೆದ ಸಾಲು ಕಂಡು, ಅದು ನಿಮ್ಮದಲ್ಲದಿದ್ದರೆ ಅವತ್ತೇ ಲಿಖಿತ ದೂರು ಕೊಡಿ.

ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ?

ಈ ಮೂರು ಜಿಲ್ಲೆಗಳಲ್ಲಿ ಅರ್ಜಿ ವಾಪಸ್ ಬರುವುದಕ್ಕೆ ಮುಖ್ಯ ಕಾರಣ ಹೆಸರು. ಹಳೆಯ ಖಾತೆಯಲ್ಲಿ ಹೆಸರು ಮತ್ತು ತಂದೆಯ ಅಥವಾ ಗಂಡನ ಹೆಸರು ಮಾತ್ರ ಇರುತ್ತದೆ, ಆಧಾರ್‌ನಲ್ಲಿ ಅಡ್ಡಹೆಸರೂ ಸೇರಿರುತ್ತದೆ. ಉರ್ದು, ಮರಾಠಿ, ತೆಲುಗು ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ ಒಬ್ಬೊಬ್ಬ ಗುಮಾಸ್ತರು ಒಂದೊಂದು ತರಹ ಬರೆದಿರುತ್ತಾರೆ. ಒಂದೆರಡು ಅಕ್ಷರದ ವ್ಯತ್ಯಾಸವಿದ್ದು ಹುಟ್ಟಿದ ದಿನಾಂಕ, ಫೋಟೊ, ಸಹಿ ತಾಳೆಯಾದರೆ ಇಬ್ಬರೂ ಒಬ್ಬರೇ ಎಂಬ ಘೋಷಣೆಯನ್ನು ಪಡೆದು ಮುಂದುವರಿಯುವ ಶಾಖೆಗಳು ಇವೆ. ಹೆಸರೇ ಪೂರ್ತಿ ಬೇರೆಯಾಗಿದ್ದರೆ, ಮದುವೆಯ ನಂತರ ಬದಲಾದದ್ದಾದರೆ ವಿವಾಹ ನೋಂದಣಿ ಪತ್ರ, ಬೇರೆ ಕಾರಣಕ್ಕಾದರೆ ಗೆಜೆಟ್ ಪ್ರಕಟಣೆ ಕೇಳುತ್ತಾರೆ. ಬ್ಯಾಂಕಿಗೆ ಹೋಗುವ ಮುಂಚೆಯೇ ಪಾಸ್‌ಬುಕ್, ಆಧಾರ್, ಪ್ಯಾನ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿಕೊಳ್ಳಿ. ಆಧಾರ್ ಮತ್ತು ಪ್ಯಾನ್ ನಡುವೆಯೇ ವ್ಯತ್ಯಾಸವಿದ್ದರೆ ಮೊದಲು ಅದನ್ನು ಸರಿಮಾಡಿಸಬೇಕು, ಬ್ಯಾಂಕ್ ಅದನ್ನು ಸರಿಮಾಡಲಾರದು.

ವಿಳಾಸದ ಗೊಂದಲ ಈ ಭಾಗಕ್ಕೇ ವಿಶೇಷ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು, ಗುಲಬರ್ಗಾ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಆಮೇಲೆ ಕಮಲಾಪುರ, ಕಾಳಗಿ, ಯಡ್ರಾಮಿ, ವಡಗೇರಾ, ಹುಣಸಗಿ, ಚಿಟಗುಪ್ಪಾ, ಹುಲಸೂರು ಎಂದು ಹೊಸ ತಾಲ್ಲೂಕುಗಳು ಬಂದವು. ಹೀಗಾಗಿ ಮನೆ ಅದೇ ಇದ್ದರೂ ಕಾಗದದ ಮೇಲೆ ತಾಲ್ಲೂಕು, ಜಿಲ್ಲೆ ಎರಡೂ ಬೇರೆ. ಇದನ್ನು ವಿಳಾಸ ಬದಲಾವಣೆ ಎಂದೇ ಫಾರ್ಮಿನಲ್ಲಿ ತುಂಬಿ, ಆಧಾರ್‌ನಲ್ಲಿರುವಂತೆ ಬರೆಯಿರಿ. ಈಗ ಬೇರೆ ಊರಿನಲ್ಲಿದ್ದು ಆಧಾರ್‌ನಲ್ಲಿ ಹಳ್ಳಿಯ ವಿಳಾಸವೇ ಇದ್ದರೆ, ಆಧಾರ್ ದೃಢೀಕರಣದ ಜೊತೆ ಈಗಿನ ವಿಳಾಸವನ್ನು ಸ್ವಯಂ ಘೋಷಣೆಯಲ್ಲಿ ಕೊಡಬಹುದು.

ಸಹಿಯ ತಕರಾರೂ ಸಾಮಾನ್ಯ. ಹದಿನಾರು ವರ್ಷದಲ್ಲಿ ಮಾಡಿದ ಸಹಿ ಈಗ ಹೊಂದುವುದಿಲ್ಲ. ಹಳೆಯದನ್ನು ನೆನೆಸಿಕೊಂಡು ನಕಲು ಮಾಡಲು ಹೋಗಬೇಡಿ, ಅದರಿಂದ ಅನುಮಾನ ಹೆಚ್ಚುತ್ತದೆ. "ಸಹಿ ಬದಲಾಗಿದೆ" ಎಂದು ಹೇಳಿ, ಅಧಿಕಾರಿಯ ಎದುರಿಗೇ ಹೊಸ ಮಾದರಿ ಸಹಿ ಕೊಡಿ. ಖಾತೆ ತೆಗೆದಾಗ ಹದಿನೆಂಟು ತುಂಬಿರದಿದ್ದರೆ ಪೋಷಕರ ಸಹಿಯ ಮೇಲೆ ಖಾತೆ ನಡೆಯುತ್ತಿರಬಹುದು. ಈಗ ನಿಮ್ಮದೇ ಕೆವೈಸಿ ಮತ್ತು ಸಹಿಯಿಂದ ಅದನ್ನು ವಯಸ್ಕರ ಖಾತೆಯಾಗಿ ಬದಲಿಸಬೇಕು, ಪೋಷಕರು ಬಂದು ಸಹಿ ಹಾಕಿದರೆ ನಡೆಯುವುದಿಲ್ಲ. ಜಂಟಿ ಖಾತೆಯಾದರೆ ಹೆಸರಿರುವ ಎಲ್ಲರ ಕೆವೈಸಿ ಕೇಳುತ್ತಾರೆ ಎಂದುಕೊಂಡೇ ಹೋಗಿ.

ಒಂದು ಉದಾಹರಣೆ ಕೊಟ್ಟು ದಿನಾಂಕಗಳ ಲೆಕ್ಕ ಹೇಳಿ.

ಶಹಾಪುರ ತಾಲ್ಲೂಕಿನ ಒಬ್ಬ ಹುಡುಗ ಕಾಲೇಜಿನಲ್ಲಿದ್ದಾಗ ಎಸ್‌ಬಿಎಚ್‌ನಲ್ಲಿ ಖಾತೆ ತೆಗೆದ ಎಂದಿಟ್ಟುಕೊಳ್ಳಿ. 2016ರ ಫೆಬ್ರುವರಿ 20ರಂದು ಎಟಿಎಂನಿಂದ ಕೊನೆಯ ಸಲ ರೊಕ್ಕ ತೆಗೆದ. ಆಮೇಲೆ ಹೈದರಾಬಾದಿಗೆ ಹೋದ, ಫೋನ್ ಸಂಖ್ಯೆ ಬದಲಾಯಿತು. 2017ರ ಏಪ್ರಿಲ್‌ನಲ್ಲಿ ಖಾತೆ ಎಸ್‌ಬಿಐನದಾಯಿತು. ಅದು ಬ್ಯಾಂಕಿನ ಬದಲಾವಣೆ, ಅವನ ವ್ಯವಹಾರವಲ್ಲ, ಆದ್ದರಿಂದ ಗಡಿಯಾರ ನಿಲ್ಲಲಿಲ್ಲ. 2018ರ ಫೆಬ್ರುವರಿ 20 ದಾಟಿದ ಮೇಲೆ ಖಾತೆ ನಿಷ್ಕ್ರಿಯ. ಕನಿಷ್ಠ ಬ್ಯಾಲೆನ್ಸಿನ ದಂಡ ಕಡಿದಿದ್ದರೆ ಅದು 2017ರ ಏಪ್ರಿಲ್‌ಗೂ 2018ರ ಫೆಬ್ರುವರಿಗೂ ನಡುವೆ ಮಾತ್ರ ಇರಬೇಕು.

ಎರಡನೇ ಗಡಿಯಾರ ಹತ್ತು ವರ್ಷದ್ದು, ಅದೂ ಅದೇ 2016ರ ಫೆಬ್ರುವರಿ 20ರಿಂದಲೇ ಓಡುತ್ತದೆ. ನಿಷ್ಕ್ರಿಯವಾದ ದಿನದಿಂದ ಅಲ್ಲ. 2026ರ ಫೆಬ್ರುವರಿಗೆ ಹತ್ತು ವರ್ಷ ತುಂಬಿ, ಉಳಿದ ರೊಕ್ಕ 'ಕ್ಲೇಮ್ ಆಗದ ಠೇವಣಿ' ಎನಿಸಿಕೊಂಡು ರಿಸರ್ವ್ ಬ್ಯಾಂಕ್ ನಡೆಸುವ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಆ ನಿಧಿ 2014ರಲ್ಲಿ ಶುರುವಾದದ್ದು.

ಅವನು 2026ರ ಜನವರಿಯಲ್ಲಿ ಹೈದರಾಬಾದಿನ ಯಾವುದೇ ಎಸ್‌ಬಿಐ ಶಾಖೆಗೆ ಹೋಗಿ ಕೆವೈಸಿ ಕೊಟ್ಟಿದ್ದರೆ ಅದು ಬರೀ ಸಕ್ರಿಯಗೊಳಿಸುವ ಕೆಲಸ. ತಡವಾದರೂ ರೊಕ್ಕ ಹೋಗುವುದಿಲ್ಲ, ಆದರೆ ಒಂದು ಹೆಜ್ಜೆ ಹೆಚ್ಚಾಗುತ್ತದೆ. ನಿಧಿಗೆ ಹೋದಾಗ ₹5,200 ಇತ್ತು, ಒಂದೂವರೆ ವರ್ಷದ ನಂತರ ಅವನು ಕೇಳಿದ ಎನ್ನಿ. ನಿಧಿಯಲ್ಲಿರುವ ಉಳಿತಾಯ ರೊಕ್ಕಕ್ಕೆ 2021ರ ಮೇ 11ರಿಂದ ವರ್ಷಕ್ಕೆ ಶೇ 3ರ ಸರಳ ಬಡ್ಡಿ. ವರ್ಷಕ್ಕೆ ₹156, ಒಂದೂವರೆ ವರ್ಷಕ್ಕೆ ₹234, ಒಟ್ಟು ಸಿಗುವುದು ₹5,434.

ರೊಕ್ಕ ರಿಸರ್ವ್ ಬ್ಯಾಂಕಿಗೆ ಹೋಗಿದೆ ಎಂದರು. ಮುಂಬೈಗೆ ಬರೆಯಬೇಕೆ?

ಬೇಡ. ನಿಮ್ಮ ಲೆಕ್ಕಾಚಾರವೆಲ್ಲ ನಿಮ್ಮ ಬ್ಯಾಂಕಿನ ಜೊತೆಗೇ. ಅದೇ ಅರ್ಜಿ, ಅದೇ ಕೆವೈಸಿ, ಜೊತೆಗೆ ಕ್ಲೇಮ್ ಫಾರ್ಮ್. ಬ್ಯಾಂಕ್ ಮೊದಲು ನಿಮಗೆ ಬಡ್ಡಿ ಸಹಿತ ಕೊಟ್ಟು, ಆಮೇಲೆ ನಿಧಿಯಿಂದ ತಾನು ವಸೂಲಿ ಮಾಡಿಕೊಳ್ಳುತ್ತದೆ. "ಆರ್‌ಬಿಐನಿಂದ ಬಂದ ಮೇಲೆ ಕೊಡ್ತೀವಿ" ಎಂದರೆ ಅದು ಸರಿಯಲ್ಲ. ಕೇಳಲು ಕೊನೆಯ ದಿನಾಂಕ ಎಂಬುದೂ ಇಲ್ಲ.

ಎಲ್ಲಿ ಖಾತೆ ಇತ್ತು ಎಂಬುದೇ ನೆನಪಿಲ್ಲದಿದ್ದರೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ತೆರೆದ ಉದ್ಗಮ್ ತಾಣದಲ್ಲಿ, ಅಂದರೆ udgam.rbi.org.in ನಲ್ಲಿ ಹುಡುಕಬಹುದು. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿಕೊಂಡು, ಹೆಸರಿನ ಜೊತೆ ಪ್ಯಾನ್, ವೋಟರ್ ಐಡಿ, ಹುಟ್ಟಿದ ದಿನಾಂಕ ಇಂಥದ್ದೊಂದನ್ನು ಕೊಡಬೇಕು. ಎರಡು ಮಿತಿಗಳಿವೆ. ಹತ್ತು ವರ್ಷ ದಾಟಿದ ಠೇವಣಿ ಮಾತ್ರ ಅಲ್ಲಿ ಕಾಣುತ್ತದೆ, ಆರು ವರ್ಷದಿಂದ ಬಿಟ್ಟ ಖಾತೆ ಕಾಣುವುದಿಲ್ಲ. ಮತ್ತು 2024ರ ಮಾರ್ಚ್ ಹೊತ್ತಿಗೆ ಅದರಲ್ಲಿದ್ದದ್ದು 30 ಬ್ಯಾಂಕುಗಳು ಮಾತ್ರ. ಆದ್ದರಿಂದ ಅಲ್ಲಿ ಏನೂ ಸಿಗಲಿಲ್ಲ ಎಂದರೆ ರೊಕ್ಕ ಇಲ್ಲ ಎಂದಲ್ಲ, ಬ್ಯಾಂಕಿನ ಸ್ವಂತ ತಾಣದ ಪಟ್ಟಿಯನ್ನೂ ನೋಡಿ. ಹಳೆಯ ಹೆಸರಿನ ಕಾಗುಣಿತವನ್ನು ಎರಡು ಮೂರು ತರಹ ಹಾಕಿ ನೋಡುವುದು ಒಳ್ಳೆಯದು.

ಗೃಹಲಕ್ಷ್ಮಿ ರೊಕ್ಕ ಬರುತ್ತಿಲ್ಲ. ಬಂದ್ ಬಿದ್ದ ಖಾತೆ ಕಾರಣವಿರಬಹುದೇ?

ಇರಬಹುದು. ಸರ್ಕಾರದ ನೇರ ಹಣ ಬೀಳುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ನಿಮ್ಮ ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಆ ಜೋಡಣೆ ಇನ್ನೂ ಹಳೆಯ ಖಾತೆಯ ಮೇಲೇ ಇದ್ದರೆ ರೊಕ್ಕ ಅಲ್ಲಿಗೆ ಹೋಗಿ ಕೂತಿರುತ್ತದೆ ಅಥವಾ ವಾಪಸ್ ಹೋಗಿರುತ್ತದೆ. ಮೈ ಆಧಾರ್ ತಾಣದಲ್ಲಿ ಲಾಗಿನ್ ಆಗಿ Bank Seeding Status ನೋಡಿದರೆ ಯಾವ ಬ್ಯಾಂಕ್ ಎಂದು ಗೊತ್ತಾಗುತ್ತದೆ. ಆಮೇಲೆ ನಿಮಗೆ ಎರಡು ದಾರಿ: ಆ ಹಳೆಯ ಖಾತೆಯನ್ನು ಚಾಲೂ ಮಾಡಿಸುವುದು, ಇಲ್ಲವೇ ಈಗ ಬಳಸುವ ಖಾತೆಯ ಶಾಖೆಯಲ್ಲಿ ನೇರ ಹಣಕ್ಕಾಗಿ ಆಧಾರ್ ಸೀಡಿಂಗ್ ಮಾಡಿ ಎಂದು ಬರೆದುಕೊಡುವುದು. ಬರೀ "ಆಧಾರ್ ಲಿಂಕ್ ಮಾಡ್ರಿ" ಎಂದರೆ ಕೆವೈಸಿಗಾಗಿ ಲಿಂಕ್ ಮಾಡಿ ಸುಮ್ಮನಾಗುತ್ತಾರೆ, ಅದು ಬೇರೆ.

ಸರ್ಕಾರಿ ಯೋಜನೆಯ ನೆರವು ಅಥವಾ ಸ್ಕಾಲರ್‌ಶಿಪ್‌ಗೆಂದೇ ತೆರೆದ ಖಾತೆಗಳನ್ನು ಎರಡು ವರ್ಷದ ನಿಯಮದಿಂದ ಹೊರಗಿಟ್ಟು ಬೇರೆಯಾಗಿ ಗುರುತಿಸಬೇಕು ಎಂಬ ಸೂಚನೆಯೂ ಇದೆ. ಆದರೆ ಕೆವೈಸಿ ಬಾಕಿ ಎಂದು ಬಿದ್ದ ತಡೆಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಚಾಲೂ ಆಯಿತು ಎಂದು ಎಸ್‌ಎಂಎಸ್ ಬಂದಿದೆ. ಆದರೂ ದೊಡ್ಡ ಮೊತ್ತ ತೆಗೆಯಲು ಬರುತ್ತಿಲ್ಲ. ಯಾಕೆ?

ಹೊಸದಾಗಿ ಚಾಲೂ ಆದ ಖಾತೆಯಲ್ಲಿ ಸ್ವಲ್ಪ ಕಾಲ ವ್ಯವಹಾರದ ಸಂಖ್ಯೆ ಮತ್ತು ಮೊತ್ತಕ್ಕೆ ಮಿತಿ ಹಾಕಲು ಬ್ಯಾಂಕಿಗೆ ಅವಕಾಶವಿದೆ. ಆರು ತಿಂಗಳಾದರೂ ಅದರ ವ್ಯವಹಾರದ ಮೇಲೆ ಮೇಲಿನ ಅಧಿಕಾರಿಗಳು ಕಣ್ಣಿಟ್ಟಿರುತ್ತಾರೆ. ಬಿಟ್ಟುಹೋದ ಖಾತೆಗಳಿಂದಲೇ ಹೆಚ್ಚು ಮೋಸ ನಡೆಯುವುದರಿಂದ ಈ ಎಚ್ಚರ. ಇದೇ ಕಾರಣಕ್ಕೆ, "ನಿಮ್ಮ ಖಾಲಿ ಖಾತೆ ಕೊಡ್ರಿ, ಕಮಿಷನ್ ಕೊಡ್ತೀವಿ" ಎನ್ನುವವರಿಗೆ ಪಾಸ್‌ಬುಕ್, ಕಾರ್ಡ್, ಸಿಮ್ ಕೊಡಬೇಡಿ. ಆ ಖಾತೆಯಲ್ಲಿ ಕದ್ದ ರೊಕ್ಕ ಹಾದುಹೋದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಕೆವೈಸಿ ಮಾಡಿಕೊಡುತ್ತೇವೆಂದು ವಾಟ್ಸಾಪಿನಲ್ಲಿ ಕಳಿಸುವ ಫೈಲನ್ನೂ ಒತ್ತಬೇಡಿ.

2018ಕ್ಕಿಂತ ಹಿಂದಿನ, ಚಿಪ್ ಇಲ್ಲದ ಕಾರ್ಡು ಈಗ ಯಾವ ಎಟಿಎಂನಲ್ಲೂ ನಡೆಯುವುದಿಲ್ಲ, ಹೊಸದನ್ನು ಕೇಳಿ. ಚಾಲೂ ಆದ ದಿನವೇ ₹100 ಹಾಕಿ ಅದರಲ್ಲಿ ಸ್ವಲ್ಪ ತೆಗೆದು ನೋಡಿದರೆ ತಡೆ ನಿಜವಾಗಿ ಹೋಗಿದೆಯೇ ಎಂದು ಅಲ್ಲೇ ತಿಳಿಯುತ್ತದೆ. ರೊಕ್ಕ ಹೋಗುತ್ತದೆ, ಬರುವುದಿಲ್ಲ ಎಂದಾದರೆ ಕೆವೈಸಿಯ ತಡೆ ಇನ್ನೂ ಉಳಿದಿದೆ ಎಂದು ಅನುಮಾನಿಸಿ, ಅದನ್ನೇ ಹೆಸರಿಸಿ ಕೇಳಿ.

ಖಾತೆದಾರರು ತೀರಿಹೋಗಿದ್ದರೆ?

ಆಗ ಸಕ್ರಿಯಗೊಳಿಸುವ ಪ್ರಶ್ನೆಯೇ ಬರುವುದಿಲ್ಲ. ಅವರ ಎಟಿಎಂ ಕಾರ್ಡ್ ಬಳಸುವುದು ಕಾನೂನಿಗೆ ವಿರುದ್ಧ. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ತಮ್ಮ ಗುರುತಿನ ದಾಖಲೆ ಮತ್ತು ಕ್ಲೇಮ್ ಫಾರ್ಮ್ ಕೊಟ್ಟರೆ ಸಾಕು. ನಾಮಿನಿ ಇಲ್ಲದಿದ್ದರೆ ವಾರಸುದಾರರೆಲ್ಲ ಸೇರಿ ಕೊಡಬೇಕಾದ ಕಾಗದ ಬೇರೆ, ಅದು ಮೊತ್ತದ ಮೇಲೆ ನಿಂತಿದೆ.

ಡಿಸಿಸಿ ಬ್ಯಾಂಕ್, ಸೌಹಾರ್ದ ಸಹಕಾರಿ, ಪೋಸ್ಟ್ ಆಫೀಸಿಗೂ ಇದೇ ನಿಯಮವೇ?

ಡಿಸಿಸಿ ಬ್ಯಾಂಕ್ ಮತ್ತು ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಇದೇ ನಿಯಮ. ಸೌಹಾರ್ದ ಅಥವಾ ಪತ್ತಿನ ಸಹಕಾರಿ ಸಂಘ ಬ್ಯಾಂಕಲ್ಲ, ಅಲ್ಲಿ ಅದರದೇ ಉಪವಿಧಿ ನಡೆಯುತ್ತದೆ. ಪೋಸ್ಟ್ ಆಫೀಸಿನ ಉಳಿತಾಯ ಖಾತೆಯಲ್ಲಿ ಸತತ ಮೂರು ಹಣಕಾಸು ವರ್ಷ ಹಾಕುವುದು, ತೆಗೆಯುವುದು ಏನೂ ಇಲ್ಲದಿದ್ದರೆ 'ಸೈಲೆಂಟ್' ಎನ್ನುತ್ತಾರೆ. ಪಾಸ್‌ಬುಕ್ ಮತ್ತು ಹೊಸ ಕೆವೈಸಿ ಜೊತೆ ಅಂಚೆ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಮತ್ತೆ ನಡೆಯುತ್ತದೆ.

ಮೂರು ದಿನ ಆಯಿತು, ಮೂರು ವಾರವೂ ಆಯಿತು. ಏನೂ ಆಗಿಲ್ಲ.

ಮೊದಲು ಶಾಖೆಯ ವ್ಯವಸ್ಥಾಪಕರಿಗೆ ಸ್ವೀಕೃತಿಯ ನಕಲು ಲಗತ್ತಿಸಿ ಬರೆಯಿರಿ. ಯಾವ ಕಾಗದ ಕಡಿಮೆ ಇದೆ ಎಂದು ಲಿಖಿತವಾಗಿ ತಿಳಿಸಲು ಕೇಳಿ, ಏಕೆಂದರೆ "ಅರ್ಜಿ ಪೂರ್ಣ ಇರಲಿಲ್ಲ" ಎಂಬುದೇ ಬ್ಯಾಂಕಿನ ಸಾಮಾನ್ಯ ಉತ್ತರ. ಅದೇ ದೂರನ್ನು ಬ್ಯಾಂಕಿನ ಕುಂದುಕೊರತೆ ವಿಭಾಗದಲ್ಲೂ ದಾಖಲಿಸಿ ದೂರಿನ ಸಂಖ್ಯೆ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು. ಗ್ರಾಮೀಣ ಬ್ಯಾಂಕಿನ ವಿರುದ್ಧವೂ ಇಲ್ಲೇ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಹೇಗೆ ತುಂಬಬೇಕೆಂಬ ಮಾಹಿತಿ 14448ಕ್ಕೆ ಕರೆ ಮಾಡಿದರೆ ಸಿಗುತ್ತದೆ. ಬ್ಯಾಂಕಿಗೆ ಮೊದಲು ಲಿಖಿತವಾಗಿ ದೂರಿಲ್ಲದೆ ನೇರ ಇಲ್ಲಿಗೆ ಬಂದರೆ ದೂರು ತಿರಸ್ಕೃತವಾಗುತ್ತದೆ.